ಎಂಟು ಪಟ್ಟು ಎನ್ನುವ ಮುನ್ನ ಗೆರೆ ನೋಡಿ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ, ಸಿಂಧನೂರು, ಮಾನ್ವಿ ಕಡೆ, ಸವಳು ಭೂಮಿ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ರಾಯಚೂರಿನ ನಮ್ಮ ಲ್ಯಾಬಿಗೆ ಬರುವ ವಿದ್ಯಾರ್ಥಿಗಳಲ್ಲಿ ಸುಮಾರು ಜನ ಆ ಕಡೆಯವರೇ. ಭತ್ತ ಉಪ್ಪನ್ನು ಹೇಗೆ ತಡೆದುಕೊಳ್ಳುತ್ತದೆ ಎಂದು ನೋಡುವ ಆಸೆ ಅವರಿಗೆ ಮನೆಯಿಂದಲೇ ಬಂದಿರುತ್ತದೆ. ಈಚೆಗೆ ಒಬ್ಬ ಹುಡುಗ, ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುವ ಕ್ಯೂಪಿಸಿಆರ್ ಪರೀಕ್ಷೆ ಮುಗಿಸಿ ಎಕ್ಸೆಲ್ ಹಾಳೆ ಹಿಡಿದುಕೊಂಡು ಬಂದ. "ಮೇಡಂ, ಎಂಟು ಪಟ್ಟು ಏರೈತ್ರಿ" ಅಂದ.

"ಹಾಳೆ ಆಮೇಲೆ ನೋಡೋಣಪ್ಪ, ಮೊದಲು ಗ್ರಾಫ್ ತೆಗಿ" ಅಂದೆ.

ಅವನು ನೋಡುತ್ತಿದ್ದದ್ದು ಎಚ್‌ಕೆಟಿ ಎಂಬ ಜೀನ್. ಬೇರಿನಿಂದ ಮೇಲೇರುವ ರಸದಲ್ಲಿನ ಸೋಡಿಯಂ ಅನ್ನು ಹಿಂದಕ್ಕೆ ಎಳೆದುಕೊಂಡು, ಎಲೆಗೆ ಜಾಸ್ತಿ ಹೋಗದಂತೆ ತಡೆಯುವುದು ಅದರ ಕೆಲಸ. ಒಂದು ಕುಂಡಕ್ಕೆ ಬರೀ ನೀರು, ಇನ್ನೊಂದಕ್ಕೆ ಒಂದು ದಿನ ಉಪ್ಪು ನೀರು. ಇಂಥ ಮೂರು ಜೋಡಿ, ಇಲ್ಲಿ ಮೊದಲು ನೋಡುವುದು ಒಂದನ್ನು. ಎರಡರ ಬೇರಿನಿಂದಲೂ ಆರ್‌ಎನ್‌ಎ ತೆಗೆದು, ತಲಾ 1 ಮೈಕ್ರೋಗ್ರಾಂ ಹಾಕಿ ಸಿಡಿಎನ್‌ಎ, ಅಂದರೆ ಅದರ ಡಿಎನ್‌ಎ ನಕಲು, ಮಾಡಿದ್ದ. ಹೋಲಿಕೆಗೆ, ಉಪ್ಪಿಗೆ ಅಲುಗಾಡದು ಎಂದು ನಂಬಿದ ಆಕ್ಟಿನ್ ಜೀನ್. ಪ್ರತಿ ಮಾದರಿಗೂ ಪ್ಲೇಟಿನಲ್ಲಿ ಮೂರು ಗುಣಿ, ಅಂದರೆ ಮೂರು ವೆಲ್. ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ ಸೈಬರ್ ಗ್ರೀನ್.

ಸಿಟಿ ಎಂಬ ಸಂಖ್ಯೆ ಕೋವಿಡ್ ಕಾಲದಲ್ಲಿ ಮನೆಮಾತಾಯಿತು. ಯಂತ್ರ ಒಂದೊಂದು ಸುತ್ತಿಗೂ ಡಿಎನ್‌ಎಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡುತ್ತದೆ, ಅದರ ಜತೆ ಬೆಳಕೂ ಏರುತ್ತದೆ. ನಾವು ಎಳೆದ ಒಂದು ಅಡ್ಡಗೆರೆಯನ್ನು, ಅಂದರೆ ಥ್ರೆಶೋಲ್ಡನ್ನು, ಆ ಬೆಳಕು ಎಷ್ಟನೇ ಸುತ್ತಿನಲ್ಲಿ ದಾಟಿತು ಅನ್ನುವುದೇ ಸಿಟಿ. ಬೇಗ ದಾಟಿದರೆ ಸರಕು ಜಾಸ್ತಿ ಇತ್ತು ಎಂದರ್ಥ. ಗೆರೆ ನಾವು ಎಳೆದದ್ದು ಅನ್ನುವುದನ್ನು ಮಾತ್ರ ಮರೆಯಬಾರದು.

ಹುಡುಗ ತೆರೆದು ತೋರಿಸಿದ್ದು ಮಾಮೂಲಿ ಗ್ರಾಫ್, ಎಲ್ಲ ಗೆರೆಗಳೂ ನೆಲಕ್ಕಂಟಿಕೊಂಡು ಹೋಗಿ, ಎದ್ದು, ಮೇಲೆ ಚಪ್ಪಟೆಯಾಗುವ ಚಿತ್ರ. ನೋಡಲು ಚೆಂದ. ಆದರೆ ನಮಗೆ ಬೇಕಾದ ಭಾಗ, ಪ್ರತಿ ಸುತ್ತಿಗೂ ಸರಿಯಾಗಿ ಒಂದೇ ಪಟ್ಟಿನಲ್ಲಿ ಏರುವ ಹೊತ್ತು, ಅದರಲ್ಲಿ ತಳದಲ್ಲೇ ಅಮುಕಿ ಹೋಗಿರುತ್ತದೆ. ಹಾಗಾಗಿ ಲಾಗ್ ನೋಟಕ್ಕೆ ಹೋಗಬೇಕು. ಅಲ್ಲಿ ಆ ಭಾಗ ನೆಟ್ಟಗೆ ಮೇಲೇರುವ ಗೆರೆಯಾಗಿ ಕಾಣುತ್ತದೆ. ಕೆಳಗಿನ ಗಜಿಬಿಜಿ ಬರೀ ಗದ್ದಲ. ಮೇಲೆ ಬಾಗುವ ಕಡೆ, ನಕಲು ಶುರುಮಾಡಿಸುವ ಡಿಎನ್‌ಎ ತುಣುಕುಗಳಾದ ಪ್ರೈಮರ್, ಎಂಜೈಮು ದಣಿದಿರುತ್ತವೆ. ಥ್ರೆಶೋಲ್ಡ್ ಇವೆರಡರ ನಡುವೆ, ಎಲ್ಲ ಗೆರೆಗಳೂ ನೆಟ್ಟಗಿರುವ ಜಾಗದಲ್ಲಿ, ಸ್ವಲ್ಪ ಕೆಳಗಡೆಗೇ ಕೂರಬೇಕು. ಸಾಫ್ಟ್‌ವೇರ್ ತಾನೇ ಕೂರಿಸಿದ್ದು ಬಹಳ ಸಲ ಸರಿಯಾಗೇ ಇರುತ್ತದೆ, ಆದರೂ ನೋಡದೆ ಒಪ್ಪಬೇಡಿ.

ಲಾಗ್ ನೋಟ ಬಂದ ಕೂಡಲೇ ಒಂದು ಗೆರೆ ಕಣ್ಣಿಗೆ ಬಿತ್ತು. ಉಪ್ಪು ಕುಂಡದ ಎಚ್‌ಕೆಟಿಯ ಮೂರು ವೆಲ್‌ಗಳ ಸಿಟಿ 25.0, 25.2, 26.3. ಮೊದಲೆರಡು ಗೆರೆ ಪಕ್ಕಪಕ್ಕ ಸಮಾನಾಂತರ, ಮೂರನೆಯದು ಬುಡದಲ್ಲಿ ಬಾಗಿಕೊಂಡು ತಡವಾಗಿ ಏಳುತ್ತಿತ್ತು. ಹುಡುಗ ಮೂರನ್ನೂ ಸೇರಿಸಿ ಸರಾಸರಿ 25.5 ಹಾಕಿದ್ದ. "ಮೂರನೇದ್ದು ಬಿಟ್ಟುಬಿಡ್ಲೇನ್ರಿ?" ಅಂದ. ಬೇಡ, ಯಾಕೆ ಹೀಗಾಯಿತು ಅಂತ ಮೊದಲು ನೋಡೋಣ ಅಂದೆ. ಕಾರಣ ಗೊತ್ತಿಲ್ಲದೆ ವೆಲ್ ಬಿಡುವ ಅಭ್ಯಾಸ ಒಳ್ಳೆಯದಲ್ಲ. ನಮಗೆ ಬೇಕಾದ ಉತ್ತರ ಬರುವ ತನಕ ಬಿಡುತ್ತಲೇ ಹೋಗುತ್ತೇವೆ.

ಇಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ಥ್ರೆಶೋಲ್ಡನ್ನು ಮೌಸ್‌ನಿಂದ ಹಿಡಿದು ಸ್ವಲ್ಪ ಮೇಲೆ ಸರಿಸಿ. ಎಲ್ಲ ಸಿಟಿಯೂ ಹೆಚ್ಚಾಗುತ್ತವೆ, ಅದು ಸಹಜ. ನೋಡಬೇಕಾದ್ದು ವೆಲ್‌ಗಳ ನಡುವಿನ ಅಂತರವನ್ನು. ಪಿಪೆಟ್‌ನಲ್ಲಿ ಸಿಡಿಎನ್‌ಎ ಕಮ್ಮಿ ಬಿದ್ದಿದ್ದರೆ ಗೆರೆ ತಡವಾಗಿ ಬಂದರೂ ಸಮಾನಾಂತರವಾಗೇ ಇರುತ್ತದೆ, ಅಂತರ ಎಲ್ಲಿ ಅಳೆದರೂ ಅಷ್ಟೇ. ಅರ್ಧ ಸರಕು ಬಿದ್ದರೆ ಒಂದು ಸುತ್ತು ತಡ. ಆದರೆ ಈ ವೆಲ್‌ನಲ್ಲಿ ಥ್ರೆಶೋಲ್ಡ್ ಮೇಲೆ ಸರಿಸಿದಂತೆ 1.2 ಸುತ್ತಿನ ಅಂತರ 0.6ಕ್ಕೆ ಇಳಿಯಿತು. ಅಂದರೆ ತಪ್ಪು ಸರಕಿನಲ್ಲಿಲ್ಲ, ಬುಡದಲ್ಲಿದೆ, ಬೇಸ್‌ಲೈನಿನಲ್ಲಿದೆ.

ಕಚ್ಚಾ ಬೆಳಕಿನ ನೋಟ ತೆರೆದೆವು. 12ನೇ ಸುತ್ತಿನ ಹತ್ತಿರ ಆ ವೆಲ್‌ನ ಗೆರೆ ಫಕ್ಕನೆ ಒಂದು ಮೆಟ್ಟಿಲು ಹಾರಿತ್ತು. ಗುಳ್ಳೆ ಒಡೆದಾಗ ಹೀಗೇ ಆಗುತ್ತದೆ. ಸಾಫ್ಟ್‌ವೇರ್ 3ರಿಂದ 15ನೇ ಸುತ್ತಿನವರೆಗಿನ ಬೆಳಕನ್ನು ಹಿನ್ನೆಲೆ ಎಂದು ತಿಳಿದು ಅದರ ಮೇಲೊಂದು ಗೆರೆ ಎಳೆದು, ಮುಂದಿನ ಸುತ್ತುಗಳಿಂದಲೂ ಅದನ್ನೇ ಕಳೆಯುತ್ತದೆ. ನಡುವೆ ಮೆಟ್ಟಿಲು ಬಂದಿದ್ದರಿಂದ ಆ ಗೆರೆ ಓರೆಯಾಗಿ, ಕಳೆಯಬೇಕಾದ್ದಕ್ಕಿಂತ ಜಾಸ್ತಿ ಕಳೆಯಿತು. ಆ ಒಂದು ವೆಲ್‌ಗೆ ಮಾತ್ರ ಬೇಸ್‌ಲೈನನ್ನು 14ರಿಂದ 20ಕ್ಕೆ ಬದಲಿಸಿದೆವು. ಸಿಟಿ 25.1ಕ್ಕೆ ಬಂತು. ಸರಾಸರಿಯೂ 25.1 ಆಯಿತು. ಬದಲಿಸಿದ್ದನ್ನೂ ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಪ್ಲೇಟನ್ನು ಯಂತ್ರಕ್ಕೆ ಇಡುವ ಮುಂಚೆ ಒಂದು ನಿಮಿಷ ಸೆಂಟ್ರಿಫ್ಯೂಜ್ ಮಾಡಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಇದರ ಉಲ್ಟಾ ಕಥೆಯೂ ಉಂಟು. ಸರಕು ಹೇರಳವಾಗಿರುವ 18ಎಸ್‌ನಂಥ ಜೀನ್ 8 ಅಥವಾ 10ನೇ ಸುತ್ತಿಗೇ ಏಳುತ್ತದೆ. ಅದಕ್ಕೂ ಬೇಸ್‌ಲೈನ್ 15ರವರೆಗೆ ಬಿಟ್ಟರೆ ನಿಜವಾದ ಬೆಳವಣಿಗೆಯನ್ನೇ ಹಿನ್ನೆಲೆ ಎಂದು ಕಳೆದುಬಿಡುತ್ತದೆ, ಗೆರೆ ಸೊನ್ನೆಗಿಂತ ಕೆಳಗೆ ಮುಳುಗಿ ಏಳುತ್ತದೆ. ಬೇಸ್‌ಲೈನ್ ಯಾವಾಗಲೂ ಗೆರೆ ಏಳುವುದಕ್ಕೆ ಒಂದೆರಡು ಸುತ್ತು ಮುಂಚೆಯೇ ಮುಗಿಯಬೇಕು.

ಕೊನೆಗೆ ಬಿಸಿ ಮಾಡುತ್ತಾ ಡಿಎನ್‌ಎ ಎಳೆಗಳು ಯಾವ ತಾಪಮಾನದಲ್ಲಿ ಬಿಡಿಸಿಕೊಳ್ಳುತ್ತವೆ ಎಂದು ನೋಡುವ ಮೆಲ್ಟ್ ಕರ್ವ್ ಸರಿಯಿತ್ತು, ಪ್ರತಿ ಜೀನಿಗೂ ಒಂದೇ ಶಿಖರ. ಸಿಡಿಎನ್‌ಎ ಹಾಕದ ವೆಲ್ 36ಕ್ಕೆ ಎದ್ದಿತ್ತು, ಅದರ ಶಿಖರ ಮಾತ್ರ ಕಡಿಮೆ ತಾಪಮಾನದಲ್ಲಿ ಬಂದಿತ್ತು. ಅದು ಪ್ರೈಮರ್‌ಗಳು ತಮ್ಮಲ್ಲೇ ಅಂಟಿಕೊಂಡದ್ದು. ನಮ್ಮ ಮಾದರಿ 25-27ರಲ್ಲಿರುವಾಗ ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಮಾದರಿಯೇ 34ಕ್ಕೆ ಬಂದಿದ್ದರೆ ಮಾತು ಬೇರೆ.

ಈಗ ಲೆಕ್ಕ. 2001ರಲ್ಲಿ ಲಿವಾಕ್ ಮತ್ತು ಶ್ಮಿಟ್ಜೆನ್ ಪ್ರಕಟಿಸಿದ ವಿಧಾನವೇ ಎಲ್ಲರೂ ಬಳಸುವುದು. ನೀರಿನ ಕುಂಡದಲ್ಲಿ ಎಚ್‌ಕೆಟಿ 27.4, ಆಕ್ಟಿನ್ 18.2. ಉಪ್ಪಿನ ಕುಂಡದಲ್ಲಿ ಎಚ್‌ಕೆಟಿ 25.1, ಆಕ್ಟಿನ್ 19.3.

```
ΔCt (ನೀರು)   = 27.4 − 18.2 = 9.2
ΔCt (ಉಪ್ಪು)  = 25.1 − 19.3 = 5.8
ΔΔCt         = 5.8 − 9.2 = −3.4
2^(−ΔΔCt)    = 2^3.4 = 10.6
```

ಎಂಟಿದ್ದದ್ದು ಹತ್ತೂವರೆ ಆಯಿತು. ಹುಡುಗನಿಗೆ ಖುಷಿ. ಆದರೆ ಆಕ್ಟಿನ್ ಸಾಲನ್ನು ನೋಡಿ: 18.2 ಇದ್ದದ್ದು 19.3. ಎರಡೂ ಕಡೆ ಒಂದೇ ತೂಕದ ಆರ್‌ಎನ್‌ಎ ಹಾಕಿದ ಮೇಲೆ, ಅಲುಗಾಡಬಾರದ ಜೀನ್ 1.1 ಸುತ್ತು ಯಾಕೆ ಜಾರಬೇಕು? ಈ ಹತ್ತೂವರೆಯಲ್ಲಿ ಎಚ್‌ಕೆಟಿ ತಾನಾಗಿ ಗಳಿಸಿದ್ದು 2.3 ಸುತ್ತು, ಅಂದರೆ ಸುಮಾರು ಐದು ಪಟ್ಟು. ಉಳಿದ ಎರಡು ಪಟ್ಟನ್ನು ಆಕ್ಟಿನ್ ಕೆಳಗಿಳಿದು ಕೊಡಿಸಿದ್ದು.

ಇದಕ್ಕೆ ಎರಡು ಕಾರಣ ಇರಬಹುದು. ಉಪ್ಪಿನ ಮಾದರಿಯಲ್ಲಿ ಸಿಡಿಎನ್‌ಎ ನಿಜವಾಗಿ ಕಡಿಮೆ ಆಗಿರಬಹುದು. ಆಗ ಎಲ್ಲ ಜೀನುಗಳೂ ಒಂದೇ ಅಳತೆಯಲ್ಲಿ ತಡವಾಗುತ್ತವೆ, ಆಕ್ಟಿನ್ ತನ್ನ ಕೆಲಸವನ್ನು ಸರಿಯಾಗೇ ಮಾಡಿದೆ, 10.6 ಸರಿ. ಇಲ್ಲವೇ ಉಪ್ಪು ತಾಗಿದ ಬೇರಿನಲ್ಲಿ ಆಕ್ಟಿನ್ನೇ ಕಡಿಮೆಯಾಗಿರಬಹುದು. ಬೇರಿನ ಬೆಳವಣಿಗೆ ಕುಂಟಿದಾಗ, ಬೆಳವಣಿಗೆಗೆ ಬೇಕಾದ ಜೀನ್ ಇಳಿದರೆ ಆಶ್ಚರ್ಯವೇನಿಲ್ಲ. ಎರಡರಲ್ಲಿ ಯಾವುದು ಅನ್ನುವುದನ್ನು ಆಕ್ಟಿನ್ ಒಂದನ್ನೇ ಎಷ್ಟು ದಿಟ್ಟಿಸಿದರೂ ತಿಳಿಯುವುದಿಲ್ಲ. ಇನ್ನೊಂದು ಸಾಕ್ಷಿ ಬೇಕು.

ಅದೇ ಸಿಡಿಎನ್‌ಎ ತೆಗೆದುಕೊಂಡು ಯುಬಿಕ್ವಿಟಿನ್ ಮತ್ತು ಇಎಫ್-1 ಆಲ್ಫಾ ಎಂಬ ಇನ್ನೆರಡು ಹೋಲಿಕೆ ಜೀನುಗಳಿಗೂ ಹಾಕಿಸಿದೆ. ಯುಬಿಕ್ವಿಟಿನ್ ನೀರಿನಲ್ಲಿ 19.0, ಉಪ್ಪಿನಲ್ಲಿ 19.1. ಇಎಫ್-1 ಆಲ್ಫಾ ಕೂಡ ಅಷ್ಟೇ ಅಲುಗಾಡಿತು. ಸರಕು ಕಡಿಮೆ ಇದ್ದಿದ್ದರೆ ಇವೂ ಜಾರಬೇಕಿತ್ತು. ಹಾಗಾಗಿ ತಪ್ಪು ಆಕ್ಟಿನ್ನದೇ. ಯುಬಿಕ್ವಿಟಿನ್ ಇಟ್ಟು ಲೆಕ್ಕ ಹಾಕಿದರೆ ΔCt 8.4 ಮತ್ತು 6.0, ವ್ಯತ್ಯಾಸ 2.4 ಸುತ್ತು, 5.3 ಪಟ್ಟು. ಬೇರೆಯವರ ಪ್ರಬಂಧದಲ್ಲಿ ಆಕ್ಟಿನ್ ಇತ್ತು ಅಂತ ಸುಮ್ನೆ ನಾವೂ ಹಾಕುವುದು ನಮ್ಮಲ್ಲಿ ಬಹಳ ನಡೆಯುತ್ತದೆ. ಅವರದು ಎಲೆ ಇರಬಹುದು, ನಮ್ಮದು ಬೇರು. ಅವರದು ಬರ, ನಮ್ಮದು ಉಪ್ಪು.

ಇನ್ನೊಂದು ಗಂಟು ಉಳಿದಿತ್ತು. ಮೇಲಿನ ಲೆಕ್ಕ ಪ್ರತಿ ಸುತ್ತಿಗೂ ಸರಿಯಾಗಿ ಎರಡು ಪಟ್ಟು ಎಂದು ನಂಬಿಕೊಂಡಿದೆ. ನಿಜವೇ? ಎಲ್ಲ ಸಿಡಿಎನ್‌ಎಯಿಂದ ಸ್ವಲ್ಪ ಸ್ವಲ್ಪ ಬೆರೆಸಿ, ನಾಲ್ಕು ಪಟ್ಟು ತೆಳು ಮಾಡುತ್ತಾ ಐದು ಹಂತ ಓಡಿಸಿದೆವು. ಎರಡು ಪಟ್ಟೇ ಆಗಿದ್ದರೆ ಹಂತಕ್ಕೆ ಸರಿಯಾಗಿ 2 ಸುತ್ತು ತಡವಾಗಬೇಕು. ಯುಬಿಕ್ವಿಟಿನ್ ಹಂತಕ್ಕೆ 2.01 ತಡವಾಯಿತು, ಅಂದರೆ ಸುತ್ತಿಗೆ 1.99 ಪಟ್ಟು. ಎಚ್‌ಕೆಟಿ 2.16 ತಡವಾಯಿತು, ಸುತ್ತಿಗೆ 1.90 ಪಟ್ಟು ಮಾತ್ರ. ಒಪ್ಪಬಹುದಾದ ಪ್ರೈಮರೇ, ಆದರೆ ಎರಡೂ ಒಂದೇ ಅಲ್ಲ. ಇಂಥ ಕಡೆ ಪ್ಫಾಫ್ಲ್ ಅವರ ಸೂತ್ರ, ಅದೂ 2001ರದ್ದೇ, ಸರಿಹೊಂದುತ್ತದೆ. ಪ್ರತಿ ಜೀನಿಗೆ ಅದರದೇ ಪಟ್ಟು:

```
ಎಚ್‌ಕೆಟಿ      : 1.90^(27.4 − 25.1) = 1.90^2.3    = 4.38
ಯುಬಿಕ್ವಿಟಿನ್  : 1.99^(19.0 − 19.1) = 1.99^(−0.1) = 0.93
ಅನುಪಾತ       : 4.38 / 0.93 = 4.7
```

ತೆಳು ಮಾಡಿದಂತೆ ಸಿಟಿ ಎರಡಕ್ಕಿಂತ ಬಹಳ ಕಡಿಮೆ, ಉದಾಹರಣೆಗೆ ಒಂದೂವರೆ ಸುತ್ತು ಮಾತ್ರ ಸರಿದರೆ, ಪ್ರೈಮರ್ ಎರಡು ಪಟ್ಟಿಗಿಂತ ಚೆನ್ನಾಗಿ ಓಡುತ್ತಿದೆ ಎಂದು ಬೀಗಬೇಡಿ. ದಪ್ಪ ಮಾದರಿಯಲ್ಲಿ ಏನೋ ಅಡ್ಡಿಯಿದೆ, ತೆಳುವಾದಂತೆ ಅಡ್ಡಿಯೂ ತೆಳುವಾಗುತ್ತಿದೆ ಅಂತ ಅರ್ಥ. ಆರ್‌ಎನ್‌ಎ ತೆಗೆಯುವಾಗ ಉಳಿದ ಫಿನಾಲ್ ಅಥವಾ ಎಥೆನಾಲ್ ಸಾಮಾನ್ಯ ಅಪರಾಧಿಗಳು. ಈ ಹುಡುಗನ ಮಾದರಿಯಲ್ಲಿ ಅದಿರಲಿಲ್ಲ.

"ಹಂಗಾದ್ರ 4.7 ಅಂತ ಬರೀಲೇನ್ರಿ ಮೇಡಂ?"

ಇನ್ನೂ ಇಲ್ಲ. ಇದು ಒಂದು ಜೋಡಿ ಕುಂಡದ ಲೆಕ್ಕ. ಮೂರು ವೆಲ್ ಅಂದರೆ ಮೂರು ಗಿಡವಲ್ಲ, ಒಂದೇ ಗಿಡವನ್ನು ಮೂರು ಸಲ ಅಳೆದದ್ದು. ಉಳಿದೆರಡು ಜೋಡಿಯಲ್ಲಿ ಇದೇ ರೀತಿ ಲೆಕ್ಕ ಹಾಕಿದಾಗ 3.1 ಮತ್ತು 6.2 ಬಂತು. ಪಟ್ಟುಗಳನ್ನು ನೇರವಾಗಿ ಕೂಡಿ ಮೂರರಿಂದ ಭಾಗಿಸುವುದು ಸರಿಯಲ್ಲ. ದೊಡ್ಡ ಸಂಖ್ಯೆ ಸರಾಸರಿಯನ್ನು ತನ್ನ ಕಡೆ ಎಳೆಯುತ್ತದೆ. ಲಾಗ್‌ಗೆ ತಂದು ಸರಾಸರಿ ತೆಗೆದು ಮತ್ತೆ ಪಟ್ಟಿಗೆ ತಿರುಗಿಸಬೇಕು. ಟಿ-ಟೆಸ್ಟ್ ಕೂಡ ಅದೇ ಲಾಗ್ ಮೌಲ್ಯಗಳ ಮೇಲೆ. ಹಾಗೆ ಮಾಡಿದಾಗ 4.5 ಪಟ್ಟು ಬಂತು, ಮೂರು ಜೋಡಿಗಳಲ್ಲಿ 3.1ರಿಂದ 6.2ರವರೆಗೆ. ಅವನ ಪ್ರಬಂಧದಲ್ಲಿ ಹೋದದ್ದು ಈ ಸಾಲು. ಜತೆಗೆ ಯಾವ ಹೋಲಿಕೆ ಜೀನ್, ಯಾವ ಪ್ರೈಮರ್‌ಗೆ ಸುತ್ತಿಗೆ ಎಷ್ಟು ಪಟ್ಟು ಅನ್ನುವುದೂ ಹೋಯಿತು. ಕ್ಯೂಪಿಸಿಆರ್ ಫಲಿತಾಂಶ ವರದಿ ಮಾಡುವ ಬಗೆ ಹೇಳುವ 2009ರ ಎಂಐಕ್ಯೂಇ ಮಾರ್ಗಸೂಚಿ ಕೇಳುವುದೂ ಇದನ್ನೇ.

ಇಷ್ಟಾದರೂ ನಾವು ಅಳೆದದ್ದು ಆರ್‌ಎನ್‌ಎ ಮಾತ್ರ. ಪ್ರೋಟೀನು ನಾಲ್ಕೂವರೆ ಪಟ್ಟು ಆಯಿತೋ, ಎಲೆಗೆ ಸೋಡಿಯಂ ಹೋಗುವುದು ನಿಜಕ್ಕೂ ಕಡಿಮೆಯಾಯಿತೋ ಈ ಯಂತ್ರ ಹೇಳುವುದಿಲ್ಲ. ಅದಕ್ಕೆ ಅದೇ ಕುಂಡಗಳ ಎಲೆಯನ್ನು ಒಣಗಿಸಿ, ಆಮ್ಲದಲ್ಲಿ ಕರಗಿಸಿ, ಫ್ಲೇಮ್ ಫೋಟೋಮೀಟರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಅಳೆಯಬೇಕು. ಎಲೆ ತೆಗೆದಿಟ್ಟಿದ್ದೀಯಾ ಅಂತ ಕೇಳಿದೆ. ಕವರಿನಲ್ಲಿ ಹಾಕಿ ಓವನ್ ಪಕ್ಕದಲ್ಲಿ ಇಟ್ಟೀನ್ರಿ ಅಂದ.