ಸಾಲದ ಅರ್ಜಿಯಲ್ಲಿ ಕಷ್ಟ ಬೇಡ, ಲೆಕ್ಕ ಬರೆಯಿರಿ

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತವರಿಗೆ ಒಂದು ವಾಕ್ಯ ಬಾಯಿಪಾಠ ಆಗಿರುತ್ತದೆ: "ವ್ಯಾಪಾರ ಅಭಿವೃದ್ಧಿಗಾಗಿ ತಾವು ದಯಮಾಡಿ ಎರಡು ಲಕ್ಷ ಸಾಲ ಮಂಜೂರು ಮಾಡಬೇಕಾಗಿ ವಿನಂತಿ." ಕಿರಾಣಿ, ಬಳೆ ಅಂಗಡಿ, ಸೈಕಲ್ ಶಾಪ್, ಯಾರದೇ ಅರ್ಜಿ ತೆಗೆದರೂ ಇದೇ ಸಾಲು. ಇದರಿಂದ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಅವರು ಮೇಲಿನವರಿಗೆ ಒಂದು ಟಿಪ್ಪಣಿ ಬರೆಯಬೇಕು: ಹಣ ಯಾವುದಕ್ಕೆ, ಎಲ್ಲಿಂದ ವಾಪಸ್ ಬರುತ್ತದೆ, ಬರದಿದ್ದರೆ ಏನು ಆಧಾರ. ಈ ಮೂರಕ್ಕೂ ನಿಮ್ಮ ಪತ್ರದಲ್ಲೇ ಉತ್ತರ ಇದ್ದರೆ ಅವರ ಕೆಲಸ ಅರ್ಧ ಮುಗಿದಂತೆ.

ಆಳಂದ ಕಡೆಯ ಒಂದು ಹಳ್ಳಿಯ ಕಿರಾಣಿ ಅಂಗಡಿಯನ್ನೇ ತೆಗೆದುಕೊಳ್ಳೋಣ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಅಂಗಡಿ ಬಾಡಿಗೆಯದು, ಮಾಲು ಬರುವುದು ಕಲಬುರಗಿ ನೆಹರು ಗಂಜ್‌ನಿಂದ. ಮೊದಲ ಕರಡಿನಲ್ಲಿ ಅವರು ಸುಮ್ನೆ "2 ಲಕ್ಷ ಬೇಕು" ಎಂದು ಬರೆದಿದ್ದರು. ಬೇಕಾದದ್ದನ್ನು ಬಿಡಿಸಿ ಕೇಳಿದಾಗ ಎರಡು ಬೇರೆ ಬೇರೆ ಕೆಲಸ ಹೊರಬಿದ್ದವು. ತಂಪು ಪಾನೀಯ, ಹಾಲು ಇಡಲು ಗಾಜಿನ ಬಾಗಿಲಿನ ಫ್ರಿಜ್, ಜೊತೆಗೆ ರ‍್ಯಾಕ್ ಮತ್ತು ಎಲೆಕ್ಟ್ರಾನಿಕ್ ತಕ್ಕಡಿ: ಕೊಟೇಶನ್ ಪ್ರಕಾರ 90,000. ಎಣ್ಣೆ, ಸಕ್ಕರೆ, ಬೇಳೆಯನ್ನು ಒಟ್ಟಿಗೆ ತರಲು ಹೆಚ್ಚುವರಿ ಮಾಲಿಗೆ 1,20,000. ಇವೆರಡೂ ಒಂದೇ ಸಾಲ ಅಲ್ಲ. ಫ್ರಿಜ್ ಮೂರು ವರ್ಷ ದುಡಿಯುತ್ತದೆ, ಹಾಗಾಗಿ ಅದಕ್ಕೆ ಕಂತಿನ ಸಾಲ. ಮಾಲು ತಿಂಗಳೊಳಗೆ ಮಾರಿ ಮತ್ತೆ ತರುವಂಥದ್ದು, ಅದಕ್ಕೆ ಕ್ಯಾಶ್ ಕ್ರೆಡಿಟ್, ಅಂದರೆ ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಖಾತೆ. ಎರಡನ್ನೂ ಕಲಸಿ ಕಂತಿಗೆ ಹಾಕಿದರೆ ಮಾಲಿನಲ್ಲಿ ತೊಡಗಿಸಿದ ದುಡ್ಡನ್ನು ತಿಂಗಳು ತಿಂಗಳು ಕಿತ್ತು ಕಟ್ಟಬೇಕಾಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ರ‍್ಯಾಕ್ ಖಾಲಿ!

ಒಂದೊಂದಕ್ಕೂ 20,000 ಸ್ವಂತ ಹಣ ಹಾಕುವುದಾಗಿ ಅವರು ಒಪ್ಪಿದರು. ಹಾಗಾಗಿ ಪತ್ರದ ಮೊದಲ ಭಾಗ ಹೀಗೆ ಬಂತು:

"ಫ್ರಿಜ್, ರ‍್ಯಾಕ್ ಮತ್ತು ತಕ್ಕಡಿ ಖರೀದಿಗೆ ರೂ. 70,000 ಅವಧಿ ಸಾಲ (36 ತಿಂಗಳು), ಮಾಲು ಖರೀದಿಗೆ ರೂ. 1,00,000 ಕ್ಯಾಶ್ ಕ್ರೆಡಿಟ್ ಮಿತಿ ಕೋರುತ್ತೇನೆ. ಒಟ್ಟು ಖರ್ಚು ರೂ. 2,10,000. ಇದರಲ್ಲಿ ನನ್ನ ಸ್ವಂತ ಹಣ ರೂ. 40,000. ಕೊಟೇಶನ್ ಲಗತ್ತಿಸಿದೆ."

ಇನ್ನು ಮರುಪಾವತಿ. ಹೆಚ್ಚಿನ ಪತ್ರಗಳು ಮುಗ್ಗರಿಸುವುದು ಇಲ್ಲೇ. "ಸಾಲ ಕೊಟ್ಟರೆ ವ್ಯಾಪಾರ ಡಬಲ್ ಆಗುತ್ತದೆ, ಅದರಿಂದ ಕಟ್ಟುತ್ತೇನೆ" ಎಂದು ಬರೆಯುತ್ತಾರೆ. ಇನ್ನೂ ಆಗದ ವ್ಯಾಪಾರದಿಂದ ಕಂತು ಕಟ್ಟುವ ಮಾತನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ. ಇವತ್ತಿನ ವ್ಯಾಪಾರದಲ್ಲೇ ಕಂತು ಹೊರಡುತ್ತದೆ ಎಂದು ತೋರಿಸಬೇಕು.

ಇವರ ಅಂಗಡಿಯಲ್ಲಿ ದಿನಕ್ಕೆ ಸರಾಸರಿ 8,000 ವ್ಯಾಪಾರ, ತಿಂಗಳಿಗೆ 2,40,000. ಕಿರಾಣಿಯಲ್ಲಿ ನೂರಕ್ಕೆ ಹತ್ತು ಉಳಿಯುತ್ತದೆ ಎಂದು ಹಿಡಿದರೆ 24,000. ಬಾಡಿಗೆ, ಕರೆಂಟು, ಮನೆ ಖರ್ಚು ಸೇರಿ 16,500. ಹೆಂಡತಿಯ ಸ್ವಸಹಾಯ ಸಂಘದ ಕಂತು 2,100. ಅದನ್ನು ಮುಚ್ಚಿಡಬೇಡಿ. ಸಾಲದ ವರದಿ ತೆಗೆಸಿದಾಗ ಹೊರಗೆ ಬಂದರೆ, ನೀವು ಬರೆದ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ಎಲ್ಲ ಕಳೆದು ಕೈಯಲ್ಲಿ 5,400. ಹೊಸ ಸಾಲಕ್ಕೆ ಬಡ್ಡಿ ಶೇಕಡಾ 11 ಎಂದು ಹಿಡಿದರೆ ಕಂತು ಸುಮಾರು 2,300, ಕ್ಯಾಶ್ ಕ್ರೆಡಿಟ್ ಪೂರ್ತಿ ಬಳಸಿದರೆ ಬಡ್ಡಿ ಸುಮಾರು 900. ಒಟ್ಟು 3,200. ಸರಾಸರಿ ಲೆಕ್ಕದಲ್ಲಿ ಸಲೀಸಾಗಿ ಕೂರುತ್ತದೆ.

ಆದರೆ ನಮ್ಮ ಕಡೆ ಯಾವ ಅಂಗಡಿಯೂ ಸರಾಸರಿಯಲ್ಲಿ ನಡೆಯುವುದಿಲ್ಲ, ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್ ತನಕ ರೈತರ ದುಡ್ಡೆಲ್ಲ ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ. ಅಂಗಡಿಯಲ್ಲಿ ಉದ್ರಿ ಪುಸ್ತಕ ದಪ್ಪ ಆಗುತ್ತದೆ, ವ್ಯಾಪಾರ ದಿನಕ್ಕೆ 6,500ಕ್ಕೆ ಇಳಿಯುತ್ತದೆ. ಆಗ ಎಲ್ಲ ಕಳೆದು ಉಳಿಯುವುದು ಬರೀ 900. ಕಂತು, ಬಡ್ಡಿಗೆ ತಿಂಗಳಿಗೆ 2,300 ಕಡಿಮೆ ಬೀಳುತ್ತದೆ. ನಾಲ್ಕು ತಿಂಗಳಿಗೆ 9,200. ತೊಗರಿ ಮಾರಿದ ಮೇಲೆ ಉದ್ರಿ ವಸೂಲಿಯಾಗುತ್ತದೆ, ದಿನದ ವ್ಯಾಪಾರ 10,000 ಮುಟ್ಟುತ್ತದೆ. ಆ ತಿಂಗಳಲ್ಲಿ ಕಂತು, ಬಡ್ಡಿ ಕಟ್ಟಿದ ಮೇಲೂ 8,000ಕ್ಕಿಂತ ಜಾಸ್ತಿ ಉಳಿಯುತ್ತದೆ. ಅಂದರೆ ಎರಡು ಒಳ್ಳೆಯ ತಿಂಗಳ ಉಳಿಕೆ ಮಳೆಗಾಲದ ಕೊರತೆಯನ್ನು ಮುಚ್ಚುತ್ತದೆ.

ಈ ಕೊರತೆಯನ್ನು ಬರೆದರೆ ಸಾಲ ಸಿಗುವುದಿಲ್ಲ ಎಂದು ಅವರಿಗೆ ಹೆದರಿಕೆ. ನನ್ನ ಅನುಭವ ಬೇರೆ. ಈ ಭಾಗದಲ್ಲಿ ಕೆಲಸ ಮಾಡಿದ ಅಧಿಕಾರಿಗೆ ತೊಗರಿಯ ಲೆಕ್ಕ ಗೊತ್ತೇ ಇರುತ್ತದೆ. ಹನ್ನೆರಡು ತಿಂಗಳೂ ಒಂದೇ ಸಮ ವ್ಯಾಪಾರ ಎಂದು ಬರೆದವರ ಮೇಲೇ ಅವರಿಗೆ ಸಂಶಯ. ಪತ್ರದಲ್ಲಿ ಹೀಗೆ ಸೇರಿಸಿದೆವು:

"ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವ್ಯಾಪಾರ ಕಡಿಮೆ. ಆ ನಾಲ್ಕು ತಿಂಗಳ ಕಂತಿಗಾಗಿ ತೊಗರಿ ಹಂಗಾಮಿನಲ್ಲಿ ರೂ. 10,000 ಉಳಿತಾಯ ಖಾತೆಯಲ್ಲಿ ಬೇರೆ ಇಡುತ್ತೇನೆ. ಫ್ರಿಜ್‌ನಿಂದ ಬರುವ ಹೆಚ್ಚಿನ ವ್ಯಾಪಾರವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ."

ದಿನಕ್ಕೆ 8,000 ಎಂಬುದಕ್ಕೆ ಪುರಾವೆ ಏನು? ಅವರ ಕ್ಯೂಆರ್ ಕೋಡ್ ಮೂಲಕ ಬ್ಯಾಂಕಿಗೆ ಬರುವುದು ದಿನಕ್ಕೆ ಎರಡೂವರೆ ಸಾವಿರ ಮಾತ್ರ. ಉಳಿದ ನಗದು ನೇರ ಗಂಜ್ ವ್ಯಾಪಾರಿಗೆ ಹೋಗುತ್ತದೆ. ಸ್ಟೇಟ್‌ಮೆಂಟ್ ನೋಡಿದವರು "ಉಳಿದದ್ದು ಎಲ್ಲಿ?" ಎಂದು ಕೇಳಿಯೇ ಕೇಳುತ್ತಾರೆ. ಅವರು ಕೇಳುವ ಮೊದಲೇ ನಾವು ಆರು ತಿಂಗಳ ಖರೀದಿ ಬಿಲ್ ಜೋಡಿಸಿದೆವು. ತಿಂಗಳಿಗೆ ಎರಡು ಲಕ್ಷದ ಮೇಲೆ ಮಾಲು ತರುವವನು ಅದನ್ನು ಮಾರುತ್ತಿದ್ದಾನೆ ಎಂದೇ ಅರ್ಥ. ಬಿಲ್ ಇಲ್ಲದೆ ಚೀಟಿಯಲ್ಲಿ ಮಾಲು ತರುವವರು ಈಗಿನಿಂದಲೇ ಬಿಲ್ ಕೇಳಿ ಪಡೆಯಿರಿ.

ಆಧಾರದ ವಿಷಯಕ್ಕೆ ಬಂದಾಗ ಅವರು ಕೇಳಿದ್ದು: "ಸರ್, ಹೊಲಾನೂ ಬರೀಲೇನ್ರಿ? ಪಹಣಿ ಅಪ್ಪನ ಹೆಸರ್ಲೆ ಅದರಿ." ಬೇಡ ಅಂದೆ. ಅಪ್ಪನ ಹೆಸರಿನ ಹೊಲವನ್ನು ಮಗ ಅಡ ಇಡಲು ಬರುವುದಿಲ್ಲ. ಅಣ್ಣತಮ್ಮಂದಿರ ಪಾಲಿದ್ದರಂತೂ ಎಲ್ಲರ ಸಹಿ ಬೇಕು, ಕಡತ ಅಲ್ಲೇ ಕೂರುತ್ತದೆ. ಅದರ ಅಗತ್ಯವೂ ಇಲ್ಲ. ಸಣ್ಣ ಉದ್ಯಮಗಳ ಇಷ್ಟು ಮೊತ್ತದ ಸಾಲಕ್ಕೆ ಬ್ಯಾಂಕುಗಳು ಮನೆ, ಹೊಲ ಅಡ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ಸೂಚನೆ ಇದೆ. ಈ ಮೊತ್ತ ಮುದ್ರಾ ಯೋಜನೆಯ ಕಿಶೋರ್ ವರ್ಗಕ್ಕೆ, ಅಂದರೆ 50,000 ಮೇಲ್ಪಟ್ಟು 5 ಲಕ್ಷದವರೆಗಿನ ಸಾಲಕ್ಕೆ ಹೊಂದುತ್ತದೆ. ಆದರೆ ಆಧಾರವೇ ಇಲ್ಲ ಎಂದಲ್ಲ. ಸಾಲದಲ್ಲಿ ಕೊಂಡ ಫ್ರಿಜ್ ಮತ್ತು ಅಂಗಡಿಯ ಮಾಲು ಬ್ಯಾಂಕಿನ ಹೈಪಾಥಿಕೇಶನ್‌ಗೆ ಬರುತ್ತವೆ. ವಸ್ತು ನಿಮ್ಮ ಹತ್ತಿರವೇ ಇರುತ್ತದೆ, ಅದರ ಮೇಲೆ ಹಕ್ಕು ಬ್ಯಾಂಕಿಗೂ ಇರುತ್ತದೆ.

ಮಾಲಿನ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ರ‍್ಯಾಕ್‌ನಲ್ಲಿ 1,50,000 ಮಾಲು ಇರಬಹುದು. ಅದರಲ್ಲಿ 40,000 ಗಂಜ್‌ನಿಂದ ಸಾಲಕ್ಕೆ ತಂದದ್ದಾದರೆ, ಬ್ಯಾಂಕ್ ಎಣಿಸುವುದು 1,10,000 ಮಾತ್ರ. ದುಡ್ಡು ಕೊಡದ ಮಾಲು ನಿಮ್ಮದಾಗಿ ಲೆಕ್ಕಕ್ಕೆ ಬರುವುದಿಲ್ಲ. ಅದನ್ನೂ ಹಾಗೇ ಬರೆದೆವು. ಹೊಸ ಮಾಲು ಸೇರಿದರೆ 2,30,000 ಆಗುತ್ತದೆ. ಬ್ಯಾಂಕ್ ಕಾಲುಭಾಗ ಬಿಟ್ಟು ಲೆಕ್ಕ ಹಿಡಿದರೂ ಒಂದು ಲಕ್ಷದ ಮಿತಿಗೆ ಧಾರಾಳ.

ಬಾಡಿಗೆ ಕರಾರು ಬಾಯಿಮಾತಿನಲ್ಲಿತ್ತು, ಅದನ್ನು ಬಾಂಡ್ ಪೇಪರ್ ಮೇಲೆ ಮಾಡಿಸಿದರು. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಅದಕ್ಕೆ ಯಾರಿಗೂ ಫೀಸ್ ಕೊಡಬೇಡಿ. ಪತ್ರ ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಸಾಲ ಕೊಡುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಹಾಗೆ ತಿಳಿಸಬೇಕು ಎಂಬ ನಿಯಮ ಬ್ಯಾಂಕುಗಳಿಗಿದೆ. "ಮಾಲಿನ ಪುರಾವೆ ಸಾಲದು" ಎಂದು ಬಂದರೆ ಬಿಲ್ ಸೇರಿಸಿ ಮತ್ತೆ ಕೊಡಬಹುದು. ಹಳೆಯ ಸಾಲದ ಕಂತು ತಪ್ಪಿದೆ ಎಂದು ಬಂದರೆ ಮೊದಲು ಅದನ್ನು ಕಟ್ಟಿ, ಆಮೇಲೆ ಹೊಸ ಅರ್ಜಿ ಹಾಕಿ.