ನೋಟರಿ ಮಾಡಿಸಿದ ಮೂರು ವರ್ಷದ ಅಗ್ರಿಮೆಂಟ್ ಸಾಕಾ?

ಪ್ರಶ್ನೆ: ಮೊದಲ ಸಲ ಬೇಕರಿ ಹಾಕುತ್ತಿದ್ದೇನೆ. ಬಾಡಿಗೆ 25,000, ಅಡ್ವಾನ್ಸ್ ಎರಡೂವರೆ ಲಕ್ಷ. ಮೂರು ವರ್ಷಕ್ಕೆ ಅಗ್ರಿಮೆಂಟ್ ಬರೆದು ನೋಟರಿ ಮಾಡಿಸೋಣ ಅಂತ ಓನರ್ ಹೇಳಿದ್ದಾರೆ. ಸಹಿ ಹಾಕಬಹುದಾ?

ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ! ಮತ್ತೆ ಹೇಳುತ್ತೇನೆ, ಹಾಕಬೇಡಿ. ಬಾಡಿಗೆ ಜಾಸ್ತಿ ಅಂತ ಅಲ್ಲ. ಆ ಕಾಗದದಲ್ಲಿರುವ 'ಮೂರು ವರ್ಷ' ನಿಮ್ಮನ್ನು ಕಾಪಾಡುವುದಿಲ್ಲ.

ಛಾಪಾ ಕಾಗದ, ಎರಡು ಸಾಕ್ಷಿ, ನೋಟರಿಯ ಸೀಲು ಇದ್ದರೆ ಕೆಲಸ ಪಕ್ಕಾ ಅಂತ ಓದಿದವರೂ ನಂಬಿದ್ದಾರೆ. ನೋಟರಿ ನೋಡುವುದು ಸಹಿ ಹಾಕಿದವರು ಯಾರು ಅನ್ನುವುದನ್ನು, ಅಷ್ಟೇ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಲೇಬೇಕು ಅಂತ 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ನೋಂದಣಿ ಆಗಿಲ್ಲ ಅಂದರೆ ಕೋರ್ಟಿನಲ್ಲಿ ಆ ಕಾಗದ ತೋರಿಸಿ 'ನನಗೆ ಇನ್ನೂ ಎರಡು ವರ್ಷ ಇದೆ' ಅಂತ ವಾದಿಸಲು ಆಗುವುದಿಲ್ಲ. ನೀವು ತಿಂಗಳ ಲೆಕ್ಕದ ಬಾಡಿಗೆದಾರ ಆಗಿಬಿಡುತ್ತೀರಿ, ತಿಂಗಳ ಬಾಡಿಗೆದಾರನನ್ನು ಬಿಡಿಸಲು ಕಾನೂನು ಕೇಳುವುದು 15 ದಿನದ ನೋಟಿಸ್. ಓನರ್ ತಾವೇ ಬಂದು ಶಟರ್‌ಗೆ ಬೀಗ ಹಾಕುವಂತಿಲ್ಲ, ಕೇಸು ಹಾಕಬೇಕು, ಅದು ನಿಜ. ಆದರೆ ಆ ಕೇಸಿನಲ್ಲಿ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

'ಬಾಡಿಗೆ ಕಾಯ್ದೆ ಇದೆಯಲ್ಲ' ಅಂತ ಕೇಳುವವರಿಗೆ: 14 ಚದರ ಮೀಟರ್‌ಗಿಂತ ದೊಡ್ಡ ಅಂಗಡಿ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಓವನ್ ಇಡುವ ಬೇಕರಿ ಅಷ್ಟರಲ್ಲಿ ಹಿಡಿಯುತ್ತದಾ?

11 ತಿಂಗಳ ಅಗ್ರಿಮೆಂಟ್‌ಗೆ ನೋಂದಣಿ ಕಡ್ಡಾಯವಲ್ಲ, ಸರಿ. ಆದರೆ ಅದು ಕೊಡುವ ಭರವಸೆಯೂ 11 ತಿಂಗಳದ್ದೇ. ಮೊಬೈಲ್ ಕವರ್ ಮಾರುವವರಿಗೆ ಅಷ್ಟು ಸಾಕು, ನಾಳೆ ಬಾಕ್ಸ್ ಕಟ್ಟಿಕೊಂಡು ಪಕ್ಕದ ರಸ್ತೆಗೆ ಹೋಗಬಹುದು. ನೀವು ಟೈಲ್ಸ್, ವೈರಿಂಗ್, ಹೊಗೆ ಹೋಗುವ ಪೈಪು, ಶೋಕೇಸ್ ಅಂತ ನಾಲ್ಕೈದು ಲಕ್ಷ ಸುರಿಯುತ್ತೀರಿ, ಅದರಲ್ಲಿ ಅರ್ಧ ಗೋಡೆಗೇ ಅಂಟಿಕೊಂಡು ಉಳಿಯುತ್ತದೆ, ವ್ಯಾಪಾರ ಕುದುರಿದ ಹೊತ್ತಿಗೆ ಓನರ್ 'ಬಾಡಿಗೆ 40 ಸಾವಿರ ಮಾಡಿ, ಇಲ್ಲಾಂದ್ರೆ ಖಾಲಿ ಮಾಡಿ' ಅಂದರೆ ನೀವು ಕೊಡಲೇಬೇಕಾಗುತ್ತದೆ, ಅಲ್ವಾ?

ಹಾಗಾಗಿ ಚೌಕಾಸಿ ಶುರುವಾಗಬೇಕಾದದ್ದು ನೋಂದಣಿಯಿಂದ. ಓನರ್ ಖರ್ಚಿನ ನೆಪ ಹೇಳಿದರೆ ಸ್ಟ್ಯಾಂಪ್ ಡ್ಯೂಟಿ, ಫೀಸು ನಾನೇ ಕಟ್ಟುತ್ತೇನೆ ಅನ್ನಿ. ಆ ದುಡ್ಡನ್ನು ಅಡ್ವಾನ್ಸ್‌ನಲ್ಲಿ ಹೊಂದಿಸಿ. ಹತ್ತು ತಿಂಗಳ ಅಡ್ವಾನ್ಸ್ ಅನ್ನುವುದು ಬರೀ ರೂಢಿ. ಆರು ತಿಂಗಳಿಗೆ ಇಳಿದರೆ ಒಂದೂವರೆ ಲಕ್ಷ, ನಿಮ್ಮ ಕೈಯಲ್ಲಿ ಒಂದು ಲಕ್ಷ ಉಳಿಯುತ್ತದೆ. ಅಡ್ವಾನ್ಸ್ ಅನ್ನು ಬ್ಯಾಂಕ್ ಮೂಲಕವೇ ಕೊಡಿ, ಬೀಗದ ಕೈ ಒಪ್ಪಿಸುವ ದಿನವೇ ವಾಪಸ್ ಕೊಡಬೇಕು ಅಂತ ಬರೆಸಿ. 'ಖಾಲಿ ಮಾಡಿದ ನಂತರ' ಅಂತ ಬರೆದರೆ ಆ ನಂತರ ಯಾವಾಗ ಬರುತ್ತದೋ ಗೊತ್ತಿಲ್ಲ.

ಬಾಡಿಗೆಯಲ್ಲಿ ಒಂದೆರಡು ಸಾವಿರ ಇಳಿಸಲು ಜಗ್ಗಾಡುವವರು ವರ್ಷದ ಏರಿಕೆಯನ್ನು ನೋಡುವುದೇ ಇಲ್ಲ. ವರ್ಷಕ್ಕೆ ಶೇ. 10 ಅಂದರೆ ಎರಡನೇ ವರ್ಷ 27,500, ಮೂರನೇ ವರ್ಷ 30,250. ಶೇ. 5ಕ್ಕೆ ಒಪ್ಪಿಸಿದರೆ 26,250, ಆಮೇಲೆ ಸುಮಾರು 27,560. ಮೂರು ವರ್ಷಕ್ಕೆ 47 ಸಾವಿರದಷ್ಟು ವ್ಯತ್ಯಾಸ. ಇದರ ಜೊತೆ ಒಳಗಿನ ಕೆಲಸ ನಡೆಯುವ ಮೊದಲ ತಿಂಗಳ ಬಾಡಿಗೆ ಬಿಡಿ ಅಂತ ಕೇಳಿ, ಎಷ್ಟೋ ಓನರ್‌ಗಳು ಒಪ್ಪುತ್ತಾರೆ.

ಲಾಕ್-ಇನ್ ಅನ್ನುವ ಸಾಲನ್ನು ಎರಡು ಸಲ ಓದಿ. ಎಷ್ಟೋ ಕರಡುಗಳಲ್ಲಿ ಅದು ಕಟ್ಟಿಹಾಕುವುದು ಬಾಡಿಗೆದಾರನನ್ನು ಮಾತ್ರ: ನಡುವೆ ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಕಟ್ಟಬೇಕು. ನೀವು ತಿರುಗಿಸಿ ಕೇಳಬೇಕು. ಓನರ್ ಮೂರು ವರ್ಷ ಬಿಡಿಸುವಂತಿಲ್ಲ, ನಾನು ಮೊದಲ ವರ್ಷದ ನಂತರ ಎರಡು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು. ಅಂಗಡಿ ಓಡದಿದ್ದರೆ ಈ ಸಾಲೇ ನಿಮ್ಮನ್ನು ಉಳಿಸುತ್ತದೆ.

ಇನ್ನೊಂದು ವಿಷಯ, ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಓನರ್ ಕಟ್ಟಡ ಮಾರಿದರೆ? ನೋಂದಣಿಯಾದ ಕರಾರು ಕೊಂಡವರಿಗೂ ಅನ್ವಯಿಸುತ್ತದೆ, ಹೆದರಬೇಡಿ. ಹೆದರಬೇಕಾದದ್ದು ಕಟ್ಟಡದ ಮೇಲಿನ ಸಾಲಕ್ಕೆ. ನಿಮ್ಮ ಕರಾರಿಗಿಂತ ಮೊದಲೇ ಅಡವಿಟ್ಟಿದ್ದು, ಓನರ್ ಕಂತು ಕಟ್ಟದೆ ಹೋದರೆ, ಬ್ಯಾಂಕು ಕಟ್ಟಡವನ್ನು ವಶಕ್ಕೆ ತೆಗೆದುಕೊಳ್ಳಲು ಬರುತ್ತದೆ, ಆಗ ಬಾಡಿಗೆದಾರನ ಮಾತು ನಡೆಯುವುದು ಕಷ್ಟ. ಅದಕ್ಕೇ ಟೋಕನ್ ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ., ಅಂದರೆ ಕಟ್ಟಡದ ಮೇಲಿನ ಋಣಭಾರ ತೋರಿಸುವ ಪತ್ರ ತೆಗೆಸಿ, ಖಾತಾ ಯಾರ ಹೆಸರಲ್ಲಿದೆ ನೋಡಿ. ಅಣ್ಣ ತಮ್ಮ ಇಬ್ಬರ ಹೆಸರಿದ್ದರೆ ಇಬ್ಬರೂ ಸಹಿ ಹಾಕಬೇಕು. ಸಾಲ ಕಂಡರೆ, ಬಾಡಿಗೆಗೆ ಕೊಡಲು ಅಡ್ಡಿಯಿಲ್ಲ ಅಂತ ಬ್ಯಾಂಕಿನಿಂದ ಪತ್ರ ತರಿಸಲು ಓನರ್‌ಗೆ ಹೇಳಿ. ಪತ್ರ ಕೈಗೆ ಬರುವ ತನಕ ಕಾರ್ಪೆಂಟರ್‌ನನ್ನು ಕರೆಸಬೇಡಿ.