ಲಾಂಚ್ ತಡವಾಗುತ್ತದೆ ಎಂದು ಸ್ಪಾನ್ಸರ್‌ಗೆ ಬರೆಯುವ ಇಮೇಲ್: ಒಂದು ಕಾಫಿ ಡಿಪೋ ಆ್ಯಪ್‌ನ ಉದಾಹರಣೆ

ಕೊಡಗಿನ ಒಂದು ಬೆಳೆಗಾರರ ಸಂಘಕ್ಕೆ ನಮ್ಮ ತಂಡ ಆ್ಯಪ್ ಮಾಡುತ್ತಿತ್ತು. ಡಿಪೋಗೆ ಬಂದ ಕಾಫಿ ಮೂಟೆಯ ತೂಕ, ತೇವಾಂಶ, ಸದಸ್ಯರ ಲೆಕ್ಕ ಎಲ್ಲವೂ ಅದರಲ್ಲೇ ದಾಖಲಾಗಬೇಕು. ನಾಲ್ಕು ಡಿಪೋ: ಕುಶಾಲನಗರ, ಗೋಣಿಕೊಪ್ಪ, ನಾಪೋಕ್ಲು, ಭಾಗಮಂಡಲ. ದುಡ್ಡು ಕೊಟ್ಟವರು, ತೀರ್ಮಾನ ಮಾಡುವವರು ಸಂಘದ ಅಧ್ಯಕ್ಷರು. ಅವರೇ ಇಲ್ಲಿ ಸ್ಪಾನ್ಸರ್. ಲಾಂಚ್ ನವೆಂಬರ್ 18ಕ್ಕೆ ಎಂದು ಒಪ್ಪಿಕೊಂಡಿದ್ದೆವು. ಅದು ಆಗಲಿಲ್ಲ. ಆಗ ಬರೆದ ಇಮೇಲ್ ಇಟ್ಟುಕೊಂಡೇ ಈ ಟಿಪ್ಪಣಿ.

ಮೊದಲ ಕರಡಿನಲ್ಲಿ ನಾನು ಹೀಗೆ ಬರೆದಿದ್ದೆ: "ಕೆಲವು ತಾಂತ್ರಿಕ ಕಾರಣಗಳಿಂದ ಲಾಂಚ್ ಸ್ವಲ್ಪ ಮುಂದಕ್ಕೆ ಹೋಗಬಹುದು." ಇದನ್ನು ಓದಿದ ಅಧ್ಯಕ್ಷರು ಏನು ಮಾಡಬೇಕು? ಕ್ಲರ್ಕ್‌ಗಳಿಗೆ ಏನು ಹೇಳಬೇಕು? ಹಳೆಯ ತೂಕದ ಚೀಟಿ ಪುಸ್ತಕ ಅಚ್ಚು ಹಾಕಿಸಬೇಕಾ, ಬೇಡವಾ? ಒಂದಕ್ಕೂ ಉತ್ತರ ಇಲ್ಲ. ಆ ಸಾಲು ಅಳಿಸಿದೆ.

ಕೊನೆಗೆ ಅಕ್ಟೋಬರ್ 25ರಂದು ಕಳಿಸಿದ ಇಮೇಲ್ ಹೀಗೆ ಶುರುವಾಗುತ್ತದೆ:

"ವಿಷಯ: ಡಿಪೋ ಆ್ಯಪ್ ಲಾಂಚ್ ನವೆಂಬರ್ 18ರಿಂದ ಡಿಸೆಂಬರ್ 9ಕ್ಕೆ, ಅಕ್ಟೋಬರ್ 30ರೊಳಗೆ ನಿಮ್ಮ ತೀರ್ಮಾನ ಬೇಕು

ಸರ್, ನಮಸ್ಕಾರ. ಬೆಳಿಗ್ಗೆ ಫೋನಿನಲ್ಲಿ ಹೇಳಿದಂತೆ, ನಾಲ್ಕೂ ಡಿಪೋಗಳಲ್ಲಿ ಒಟ್ಟಿಗೆ ನವೆಂಬರ್ 18ಕ್ಕೆ ಆ್ಯಪ್ ಶುರು ಮಾಡಲು ಆಗುವುದಿಲ್ಲ. ಹೊಸ ದಿನಾಂಕ ಡಿಸೆಂಬರ್ 9. ಅರೇಬಿಕಾದ ಮೊದಲ ಮೂಟೆಗಳನ್ನು ಚೀಟಿಯಲ್ಲೇ ಬರೆಯಬೇಕಾಗುತ್ತದೆ. ರೊಬಸ್ಟಾ ಬರುವ ಹೊತ್ತಿಗೆ ಆ್ಯಪ್ ಇರುತ್ತದೆ."

ಇಲ್ಲಿ ಎರಡು ವಿಷಯ ಗಮನಿಸಿ. ಮೊದಲನೆಯದು, ಫೋನ್. ಇಮೇಲ್ ಸಿಸಿಯಲ್ಲಿ ಕಾರ್ಯದರ್ಶಿಗೂ ಡಿಪೋ ಮ್ಯಾನೇಜರ್‌ಗಳಿಗೂ ಹೋಗುತ್ತದೆ. ಅವರೆಲ್ಲರ ಜೊತೆಗೇ ಅಧ್ಯಕ್ಷರಿಗೂ ಸುದ್ದಿ ಗೊತ್ತಾದರೆ ಅವರಿಗೆ ಬೇಜಾರಾಗುವುದು ಸಹಜ ಅಲ್ವಾ? ಹಾಗಾಗಿ ಮೊದಲು ಅವರಿಗೆ ಫೋನ್, ಆಮೇಲೆ ಎಲ್ಲರಿಗೂ ಇಮೇಲ್.

ಎರಡನೆಯದು ಇನ್ನೂ ಮುಖ್ಯ. "ಮೂರು ವಾರ ತಡ" ಎಂದಷ್ಟೇ ಹೇಳಿದರೆ ನಷ್ಟ ಎಷ್ಟು ಎಂದು ತಿಳಿಯುವುದಿಲ್ಲ. ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು. ಹಣ್ಣಿನ ಸಿಪ್ಪೆ ತೆಗೆದು ಪಲ್ಪ್ ಮಾಡಿ, ಕಣದಲ್ಲಿ ಒಣಗಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್, ಡಿಪೋಗೆ ಬರಲು ಇನ್ನೂ ಕೆಲವು ದಿನ ಬೇಕು. ರೊಬಸ್ಟಾ ಅದಾದ ಮೇಲೆ, ಹೊಸ ವರ್ಷದ ಆಚೀಚೆ ಜೋರಾಗುತ್ತದೆ. ಇದೇ ಮೂರು ವಾರ ಜನವರಿಯಲ್ಲಿ ಹೋಗಿದ್ದರೆ ಡಿಪೋ ಮುಂದೆ ಜೀಪುಗಳ ಸಾಲು ನಿಲ್ಲುತ್ತಿತ್ತು. ತಡವನ್ನು ಸ್ಪಾನ್ಸರ್‌ನ ಕ್ಯಾಲೆಂಡರ್‌ನಲ್ಲಿ ಹೇಳಬೇಕು. ಇಲ್ಲಿ ಆ ಕ್ಯಾಲೆಂಡರ್ ಕೊಯ್ಲು.

ಕಾರಣ ಬರೆಯುವಾಗ ನಾನು ತುಂಬಾ ಹೊತ್ತು ಕೂತೆ. "ಮಳೆಗೆ ನೆಟ್‌ವರ್ಕ್ ಹೋಗುತ್ತದೆ" ಎಂದು ಬರೆಯುವುದು ಸುಲಭ. ಆದರೆ ಭಾಗಮಂಡಲದಲ್ಲಿ ಮಳೆ ಬರುತ್ತದೆ, ನೆಟ್‌ವರ್ಕ್ ಹೋಗುತ್ತದೆ ಎಂದು ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ? ಅದು ಕಾರಣ ಅಲ್ಲ, ಮೊದಲಿಂದಲೂ ಇದ್ದ ಪರಿಸ್ಥಿತಿ. ನಿಜವಾದ ಕಾರಣ, ನಾವು ಏಪ್ರಿಲ್‌ನಲ್ಲಿ ಕುಶಾಲನಗರದ ಡಿಪೋದಲ್ಲಿ ಮಾತ್ರ ಪರೀಕ್ಷೆ ಮಾಡಿದ್ದೆವು. ಇಮೇಲ್‌ನಲ್ಲಿ ಹೀಗೆ ಬರೆದೆ:

"ನೆಟ್‌ವರ್ಕ್ ಇಲ್ಲದಾಗಲೂ ತೂಕ ದಾಖಲಿಸುವ ವ್ಯವಸ್ಥೆ ನಮ್ಮ ಯೋಜನೆಯಲ್ಲಿ ಇರಲಿಲ್ಲ. ನಾಪೋಕ್ಲು, ಭಾಗಮಂಡಲಕ್ಕೆ ಮೊದಲೇ ಹೋಗಿ ನೋಡದ್ದು ನಮ್ಮ ತಪ್ಪು. ಅಕ್ಟೋಬರ್ 14ರಂದು ಹೋದಾಗ ಗೊತ್ತಾಯಿತು. ಇದರ ಕೆಲಸ ಎರಡು ವಾರ. ಅದೇ ದಿನ ಇನ್ನೊಂದೂ ಕಂಡಿತು. ನಾಪೋಕ್ಲಿನ ತೂಕದ ಯಂತ್ರದ ಇಂಡಿಕೇಟರ್‌ಗೆ ಕಂಪ್ಯೂಟರ್ ಕೇಬಲ್ ಹಾಕುವ ಪೋರ್ಟ್ ಇಲ್ಲ. ಅದನ್ನು ಬದಲಿಸಿ, ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಮತ್ತೆ ಮುದ್ರೆ ಹಾಕಿಸಬೇಕು. ಇದಕ್ಕೆ ಎರಡರಿಂದ ನಾಲ್ಕು ವಾರ ಎಂದು ಲೆಕ್ಕ ಹಾಕಿದ್ದೇವೆ."

ಪ್ರತಿ ಕಾರಣದ ಪಕ್ಕದಲ್ಲೇ ಅದು ತಿನ್ನುವ ಸಮಯ ಇದೆ. ಮೊದಲನೆಯದು ನಮ್ಮ ಕೈಯಲ್ಲಿದೆ, ಎರಡನೆಯದು ಇಲ್ಲ. ಅದಕ್ಕೇ ಮೊದಲನೆಯದಕ್ಕೆ ಒಂದೇ ಅಂಕಿ, ಎರಡನೆಯದಕ್ಕೆ ಎರಡು ಅಂಕಿ. ಬೇರೆಯವರ ಕೈಯಲ್ಲಿರುವ ಕೆಲಸಕ್ಕೆ ಒಂದೇ ದಿನಾಂಕ ಕೊಟ್ಟರೆ ಮತ್ತೆ ತಪ್ಪುತ್ತೇವೆ.

ಆದರೆ ಒಂದು ತಪ್ಪು ಈ ಇಮೇಲ್‌ನಲ್ಲೂ ಉಳಿದಿದೆ. 14ಕ್ಕೆ ಗೊತ್ತಾದದ್ದನ್ನು 25ಕ್ಕೆ ಹೇಳಿದೆ. ಲೆಕ್ಕ ಪೂರ್ತಿ ಆಗಲಿ ಎಂದು ಕಾದೆ. ಅವತ್ತೇ "ಎರಡು ಸಮಸ್ಯೆ ಸಿಕ್ಕಿದೆ, ದಿನಾಂಕಕ್ಕೆ ಅಪಾಯ ಇದೆ, 25ಕ್ಕೆ ಪೂರ್ತಿ ಹೇಳುತ್ತೇನೆ" ಎಂದು ಎರಡು ಸಾಲು ಕಳಿಸಬೇಕಿತ್ತು.

ಈಗ ಡಿಸೆಂಬರ್ 9 ಎಲ್ಲಿಂದ ಬಂತು ನೋಡೋಣ. ಅಕ್ಟೋಬರ್ 28ಕ್ಕೆ ಕೆಲಸ ಶುರು. ಎರಡು ವಾರ ಪ್ರೋಗ್ರಾಮಿಂಗ್, ಅಂದರೆ ನವೆಂಬರ್ 10. ಒಂದು ವಾರ ಡಿಪೋದಲ್ಲಿ ನಿಜವಾದ ಮೂಟೆ ಇಟ್ಟು ಪರೀಕ್ಷೆ, 17. ಒಂದು ವಾರ ಕ್ಲರ್ಕ್‌ಗಳ ತರಬೇತಿ, 24. ಆಮೇಲೆ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ. ಆ ವಾರ ಡಿಪೋದಲ್ಲಿ ಅರ್ಧ ಜನ ಊರಿಗೆ ಹೋಗಿರುತ್ತಾರೆ. ಹಾಗಾಗಿ ಡಿಸೆಂಬರ್ 1ರವರೆಗೆ ಲೆಕ್ಕಕ್ಕೆ ಇಲ್ಲ. ಕೊನೆಗೆ ಒಂದು ವಾರ ಕೈಯಲ್ಲಿ ಇಟ್ಟುಕೊಂಡೆವು. ಮುದ್ರೆ ಹಾಕಿಸುವ ಕೆಲಸ ಇದರ ಜೊತೆಜೊತೆಗೇ ನಡೆಯುತ್ತದೆ. ನಾಲ್ಕು ವಾರ ಹಿಡಿದರೂ ನವೆಂಬರ್ 24ಕ್ಕೆ ಮುಗಿಯಬೇಕು. ಡಿಸೆಂಬರ್ 1 ದಾಟಿದರೆ ನಾಪೋಕ್ಲು ಮಾತ್ರ 16ಕ್ಕೆ ಹೋಗುತ್ತದೆ. ಈ ಷರತ್ತನ್ನೂ ಇಮೇಲ್‌ನಲ್ಲಿ ಬರೆದೆವು.

ಇನ್ನು ದಾರಿಗಳು. ಮೂರು ಕೊಟ್ಟೆವು.

"ಒಂದು: ನಾಲ್ಕೂ ಡಿಪೋ ಡಿಸೆಂಬರ್ 9ಕ್ಕೆ. ಹೆಚ್ಚಿನ ಖರ್ಚಿಲ್ಲ.

ಎರಡು: ಕುಶಾಲನಗರ, ಗೋಣಿಕೊಪ್ಪ ನವೆಂಬರ್ 18ಕ್ಕೇ ಶುರು. ಅಲ್ಲಿ ನೆಟ್‌ವರ್ಕ್ ಇದೆ, ಯಂತ್ರವೂ ಸರಿ ಇದೆ. ಉಳಿದ ಎರಡು ಡಿಸೆಂಬರ್ 9ಕ್ಕೆ. ಮೂರು ವಾರ ಸಂಘದಲ್ಲಿ ಎರಡು ಬಗೆಯ ಲೆಕ್ಕ ಇರುತ್ತದೆ. ಚೀಟಿಗಳನ್ನು ಪ್ರತಿ ಶನಿವಾರ ಆ್ಯಪ್‌ಗೆ ಹಾಕಲು ಒಬ್ಬ ಕ್ಲರ್ಕ್ ಬೇಕು. ನಮ್ಮ ಕೈಯಲ್ಲಿರುವ ಒಂದು ವಾರವೂ ಇದಕ್ಕೇ ಹೋಗುತ್ತದೆ.

ಮೂರು: ಇನ್ನೊಬ್ಬ ಪ್ರೋಗ್ರಾಮರ್ ಸೇರಿಸುವುದು. ಹೊಸಬರು ಕೋಡ್ ಅರ್ಥ ಮಾಡಿಕೊಳ್ಳಲು ಸಮಯ ಬೇಕು. ಉಳಿಯುವುದು ಮೂರು ನಾಲ್ಕು ದಿನ ಇರಬಹುದು. ಮುದ್ರೆಯ ಕೆಲಸ ಇದರಿಂದ ಬೇಗ ಆಗುವುದಿಲ್ಲ.

ನಮ್ಮ ಸಲಹೆ ಎರಡನೆಯದು."

ಮೂರನೆಯದನ್ನು ನಾವು ಸಲಹೆ ಮಾಡದಿದ್ದರೂ ಬರೆದೆವು. ಯಾಕೆಂದರೆ "ಜನ ಜಾಸ್ತಿ ಹಾಕಿದರೆ ಆಗಲ್ವಾ?" ಎಂದು ಸ್ಪಾನ್ಸರ್ ಕೇಳಿಯೇ ಕೇಳುತ್ತಾರೆ. ಉತ್ತರ ಮೊದಲೇ ಇದ್ದರೆ ಎರಡು ದಿನ ಉಳಿಯುತ್ತದೆ. ಆದರೆ ಸುಮ್ನೆ ಲೆಕ್ಕ ತುಂಬಿಸಲು ಆಗದ ದಾರಿ ಸೇರಿಸಬಾರದು. ಪ್ರತಿ ದಾರಿಯ ಪಕ್ಕ ಅದರ ಬೆಲೆಯೂ ಇರಬೇಕು. ನಮಗೆ ಇಷ್ಟವಾದದ್ದರ ಬೆಲೆಯನ್ನೂ ಮುಚ್ಚಿಡಬಾರದು. ಎರಡನೆಯ ದಾರಿಯಲ್ಲಿ "ಕೈಯಲ್ಲಿರುವ ಒಂದು ವಾರವೂ ಹೋಗುತ್ತದೆ" ಎಂಬ ಸಾಲನ್ನು ನನ್ನ ಜೊತೆಗಾರ ತೆಗೆಯೋಣ ಎಂದ. ನಾನು ಬಿಡಲಿಲ್ಲ.

ಅಧ್ಯಕ್ಷರು 28ಕ್ಕೆ ಉತ್ತರಿಸಿದರು. ಎರಡನೆಯ ದಾರಿ ಒಪ್ಪಿದರು, ಆದರೆ ಒಂದು ಬದಲಾವಣೆ ಹೇಳಿದರು: "ಗೋಣಿಕೊಪ್ಪದಲ್ಲಿ ಮೊದಲ ವಾರ ಚೀಟಿಯೂ ಬರೆಯಲಿ. ಆ್ಯಪ್ ತೂಕಕ್ಕೂ ಚೀಟಿ ತೂಕಕ್ಕೂ ವ್ಯತ್ಯಾಸ ಬಂದರೆ ನನಗೆ ಅವತ್ತೇ ಹೇಳಿ." ಇದು ನಮಗೆ ಹೊಳೆದಿರಲಿಲ್ಲ. ಅವತ್ತೇ ಅದನ್ನು ಯೋಜನೆಯಲ್ಲಿ ಸೇರಿಸಿ, ತಿದ್ದಿದ ದಿನಾಂಕಗಳ ಪಟ್ಟಿಯನ್ನು ಎಲ್ಲರಿಗೂ ಕಳಿಸಿದೆವು.